ಗ್ರಾಫ್ ಇಳಿದ ಜಾಗ, ಕತ್ತರಿ ಹಾಕುವ ಜಾಗ

(ಬೆಂಗಳೂರಿನಲ್ಲಿ ಕನ್ನಡ ವಿಡಿಯೊ ಮಾಡುವ ಗೆಳೆಯರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ಒಬ್ಬ ಎಡಿಟರಿಗೆ ಒಂದೇ ಸಾಲಿನ ಟಿಪ್ಪಣಿ ಕಳಿಸಿದ್ದೆ. "15ನೇ ನಿಮಿಷದಿಂದ 16ರವರೆಗೆ ತೆಗೆದುಬಿಡಿ, ಅಲ್ಲಿ ಜನ ಬಿಟ್ಟು ಹೋಗ್ತಿದ್ದಾರೆ." ಸ್ವಲ್ಪ ಹೊತ್ತಿಗೆ ಫೋನ್ ಬಂತು. "ಮೇಡಂ, ಅಲ್ಲಿ ಅವರು ಚೆನ್ನಾಗೇ ಮಾತಾಡ್ತಿದ್ದಾರೆ. ಏನು ತೆಗೀಲಿ? ನೀವು ಆ ಜಾಗ ನೋಡಿದ್ರಾ?"

ನೋಡಿರಲಿಲ್ಲ. ಗ್ರಾಫ್ ಮಾತ್ರ ನೋಡಿದ್ದೆ. ಗೆರೆ ಇಳಿದಿತ್ತು, ಆ ಸಮಯ ಬರೆದು ಕಳಿಸಿದ್ದೆ. ಆಮೇಲೆ ಕೂತು ವಿಡಿಯೊ ನೋಡಿದಾಗ ಗೊತ್ತಾಯ್ತು, ತೊಂದರೆ ಇದ್ದದ್ದು 14ನೇ ನಿಮಿಷದಲ್ಲಿ. ನಾನು ತೆಗೆಯಲು ಹೇಳಿದ್ದು ಇಡೀ ಸಂದರ್ಶನದ ಒಳ್ಳೆಯ ಭಾಗಗಳಲ್ಲಿ ಒಂದು. ಎಡಿಟರ್ ಫೋನ್ ಮಾಡದೇ ಸುಮ್ನೆ ಕತ್ತರಿಸಿದ್ದರೆ ಅದು ಹೋಗಿರುತ್ತಿತ್ತು.

ಹಾಗಾಗಿ ಇವತ್ತು ನಾನು ಒಂದೇ ಒಂದು ಟಿಪ್ಪಣಿಯನ್ನು ನಿಮ್ಮ ಮುಂದೆ ಬಿಡಿಸಿಡುತ್ತೇನೆ. ಕಂಟೆಂಟ್ ನೋಡಿಕೊಳ್ಳುವವರು ಎಡಿಟರಿಗೆ ಬರೆಯುವ ಟಿಪ್ಪಣಿ. 40 ನಿಮಿಷದ ಒಂದು ಸಂದರ್ಶನ, ಅದರಲ್ಲಿ ಜನ ಎಲ್ಲೆಲ್ಲಿ ಜಾರಿದ್ದಾರೆ, ಏನೇನು ತೆಗೆಯಬಹುದು, ಇಷ್ಟೇ ವಿಷಯ. ನಾನು ಕೆಲಸ ಮಾಡಿದ ಚಾನೆಲ್‌ಗಳ ಅಂಕಿ ಹೊರಗೆ ತೋರಿಸುವ ಹಾಗಿಲ್ಲ. ಅದಕ್ಕೇ ಬೇರೆ ಬೇರೆ ಟಿಪ್ಪಣಿಗಳಲ್ಲಿ ಕಂಡದ್ದನ್ನೆಲ್ಲ ಸೇರಿಸಿ ಒಂದು ಮಾದರಿ ಕಟ್ಟಿದ್ದೇನೆ. ಅಂಕಿಗಳು ಮಾದರಿಯವು, ತೊಂದರೆಗಳು ಮಾತ್ರ ನಿಜವಾಗಿ ಕಂಡವು.

ಸಂದರ್ಶನ ಕೊಟ್ಟವರು ನಿವೃತ್ತ ಬಸ್ ಡ್ರೈವರ್ ಅಂದುಕೊಳ್ಳಿ. ಆಗುಂಬೆ ಘಾಟಿಯಲ್ಲಿ ವರ್ಷಾನುಗಟ್ಟಲೆ ರಾತ್ರಿ ಬಸ್ ಓಡಿಸಿದವರು. ಪ್ರಶ್ನೆ ಕೇಳುವವಳು ಚಿಕ್ಕ ವಯಸ್ಸಿನ ಹುಡುಗಿ. ವಿಡಿಯೊದ ಹೆಸರು "ಘಾಟಿಯಲ್ಲಿ ಬ್ರೇಕ್ ಹೋದ ರಾತ್ರಿ". ಯೂಟ್ಯೂಬಿಗೆ ಹಾಕಿ ಮೂರು ವಾರ ಆಗಿದೆ, 9,000 ವ್ಯೂಸ್ ಬಂದಿದೆ. ಈಗ ಅದನ್ನು ಸ್ವಲ್ಪ ಬಿಗಿ ಮಾಡಬೇಕು.

ಮೊದಲು ಗ್ರಾಫಿನ ಬಗ್ಗೆ ಒಂದೆರಡು ಮಾತು. ಯೂಟ್ಯೂಬ್ ಸ್ಟುಡಿಯೊದಲ್ಲಿ ರಿಟೆನ್ಶನ್ ಗ್ರಾಫ್ ಇರುತ್ತದಲ್ಲ, ಅದು ಹೇಳುವುದು ಇಷ್ಟು: ನೂರು ಸಲ ಈ ವಿಡಿಯೊ ಶುರುವಾದರೆ, ಈ ಕ್ಷಣವನ್ನು ಎಷ್ಟು ಸಲ ನೋಡಲಾಗಿದೆ. ಒಬ್ಬರೇ ಹಿಂದಕ್ಕೆ ಹೋಗಿ ಎರಡು ಸಲ ನೋಡಿದರೆ ಎರಡೂ ಲೆಕ್ಕಕ್ಕೆ ಬರುತ್ತವೆ. ಅದಕ್ಕೇ ಗೆರೆ ಕೆಲವೊಮ್ಮೆ ಮೇಲಕ್ಕೂ ಏಳುತ್ತದೆ. ಎದ್ದ ಜಾಗಕ್ಕೆ ಸ್ಪೈಕ್ ಅಂತಾರೆ, ಇಳಿದ ಜಾಗಕ್ಕೆ ಡಿಪ್ ಅಂತಾರೆ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಈ ಅಂಕಿಗಳನ್ನು ಯೂಟ್ಯೂಬಿನ ಅನಲಿಟಿಕ್ಸ್ ಎಪಿಐಯಿಂದ, ಅಂದರೆ ಪ್ರೋಗ್ರಾಂ ಬರೆದು ಅಂಕಿ ಪಡೆಯುವ ದಾರಿಯಿಂದ, ತೆಗೆದರೆ `elapsedVideoTimeRatio` ಅನ್ನುವ ಕಾಲಂ ಬರುತ್ತದೆ, ಪಕ್ಕದಲ್ಲಿ `audienceWatchRatio`. ಮೊದಲ ಕಾಲಂ 0.01ರಿಂದ 1.0ರವರೆಗೆ ಹೋಗುತ್ತದೆ. ಅಂದರೆ ವಿಡಿಯೊ ಎಷ್ಟೇ ಉದ್ದ ಇರಲಿ, ಅದನ್ನು ನೂರು ತುಂಡು ಮಾಡಿ ಪ್ರತಿ ತುಂಡಿಗೆ ಒಂದು ಅಂಕಿ ಕೊಡುತ್ತಾರೆ. 40 ನಿಮಿಷ ಅಂದರೆ 2,400 ಸೆಕೆಂಡ್. ನೂರರಿಂದ ಭಾಗಿಸಿದರೆ ಒಂದು ತುಂಡಿಗೆ 24 ಸೆಕೆಂಡ್.

24 ಸೆಕೆಂಡಿನಲ್ಲಿ ಒಬ್ಬ ಮನುಷ್ಯ ಒಂದು ಸಣ್ಣ ಕಥೆಯನ್ನೇ ಹೇಳಿ ಮುಗಿಸಬಹುದು. ನಿಮ್ಮ ಅಂಕಿ "12:24ರಲ್ಲಿ ಇಳಿದಿದೆ" ಅಂತ ಹೇಳಿದರೆ, ಆ ಇಳಿತ ಆ ಕಡೆ ಈ ಕಡೆ ಎಲ್ಲೋ ಇದೆ ಅಂತ ಮಾತ್ರ ಅರ್ಥ. ಅದರ ಮೇಲೆ ಜನರ ತಾಳ್ಮೆಯ ಲೆಕ್ಕ ಬೇರೆ. ಬೇಸರ ಆದ ತಕ್ಷಣ ಯಾರೂ ಫೋನ್ ಒತ್ತುವುದಿಲ್ಲ. ಸ್ವಲ್ಪ ನೋಡೋಣ ಅಂತ ಕಾಯುತ್ತಾರೆ, ಆಮೇಲೆ ಹೋಗುತ್ತಾರೆ. ಹಾಗಾಗಿ ನಾನು ಪ್ರತಿ ಇಳಿತಕ್ಕೂ ಒಂದು ನಿಮಿಷ ಹಿಂದಿನಿಂದ ವಿಡಿಯೊ ನೋಡುತ್ತೇನೆ. ಇಯರ್‌ಫೋನ್ ಹಾಕಿಕೊಂಡು, ಗ್ರಾಫ್ ಮುಚ್ಚಿಟ್ಟು. ನನ್ನ ಗಮನ ಎಲ್ಲಿ ಜಾರುತ್ತದೋ ಅಲ್ಲಿ ಆ ಮಾತನ್ನು ಬರೆದುಕೊಳ್ಳುತ್ತೇನೆ. ಸಮಯಕ್ಕಿಂತ ಮೊದಲು ಮಾತು.

ಈಗ ನಮ್ಮ ಡ್ರೈವರ್ ಸಂದರ್ಶನಕ್ಕೆ ಬರೋಣ.

ಶುರುವಿನಲ್ಲೇ ಪೆಟ್ಟು ಬಿದ್ದಿದೆ. 30 ಸೆಕೆಂಡ್ ಆಗುವಷ್ಟರಲ್ಲಿ ನೂರರಲ್ಲಿ 58 ಉಳಿದಿದ್ದಾರೆ. ಶುರುವಲ್ಲಿ ಒಂದಷ್ಟು ಜನ ಹೋಗುವುದು ಎಲ್ಲ ವಿಡಿಯೊದಲ್ಲೂ ಇದ್ದದ್ದೇ, ತಪ್ಪಿ ಒತ್ತಿದವರು, ಬೇರೇನೋ ಹುಡುಕುತ್ತಿದ್ದವರು. ಅದಕ್ಕೆ ಗಾಬರಿ ಬೇಡ. ಆದರೆ ಇದೇ ಚಾನೆಲ್ಲಿನ ಇಷ್ಟೇ ಉದ್ದದ ಬೇರೆ ಸಂದರ್ಶನಗಳ ಪಕ್ಕ ಇಟ್ಟು ನೋಡಿದರೆ ಇದು ಕೆಳಗಿದೆ. ಯಾಕೆ? ಮೊದಲ 14 ಸೆಕೆಂಡಿನಲ್ಲಿ ಡ್ರೈವರ್ ಒಂದು ಮಾತು ಹೇಳುತ್ತಾರೆ: "ಪೆಡಲ್ ಒತ್ತಿದೆ, ಕಾಲು ನೆಲಕ್ಕೆ ಹೋಯ್ತು." ಅಷ್ಟು ಸಾಕು. ಮೈ ಜುಮ್ ಅನ್ನುತ್ತದೆ. ಆದರೆ ಅದಾದ ಮೇಲೆ 38 ಸೆಕೆಂಡ್ ಇನ್ನೂ ನಾಲ್ಕು ತುಣುಕು, ಚಾನೆಲ್ಲಿನ ಲೋಗೊ, ಸಂಗೀತ, ಆಮೇಲೆ "ನಮ್ಮ ಚಾನೆಲ್‌ಗೆ ಸ್ವಾಗತ". ಆ ತುಣುಕುಗಳಲ್ಲಿ ಒಂದರಲ್ಲಿ ಬಸ್ ಹೇಗೆ ನಿಂತಿತು ಅನ್ನುವುದೂ ಬಂದುಬಿಟ್ಟಿದೆ. ಕಥೆಯ ಕೊನೆ ಮೊದಲೇ ಗೊತ್ತಾದ ಮೇಲೆ ಯಾರು ಕೂರುತ್ತಾರೆ? 0:14ರಿಂದ 0:52 ತೆಗೆಯಿರಿ ಅಂತ ಬರೆದೆ.

ಎರಡನೆಯದು 6:48ರಿಂದ 8:00. ಇದರ ಆಕಾರ ಬೇರೆ. ಗೆರೆ 39ರಿಂದ 33ಕ್ಕೆ ಇಳಿದು, ಮತ್ತೆ 38ಕ್ಕೆ ಎದ್ದಿದೆ. ಒಂದು ಸಣ್ಣ ಹಳ್ಳದ ಹಾಗೆ. ಹೋದವರು ವಾಪಸ್ ಬಂದಿದ್ದಾರೆ ಅಂದರೆ ಅವರು ಬಿಟ್ಟು ಹೋಗಿರಲಿಲ್ಲ, ಹಾರಿಸಿದ್ದಾರೆ. ಫೋನಿನಲ್ಲಿ ಪರದೆಯ ಬಲಗಡೆ ಎರಡು ಸಲ ಬಡಿದರೆ 10 ಸೆಕೆಂಡ್ ಮುಂದೆ ಹೋಗುತ್ತದಲ್ಲ, ಅದು. ಅವರಿಗೆ ಮುಂದೇನು ಅಂತ ಕೇಳುವ ಆಸೆ ಇದೆ, ಈ ತುಂಡು ಮಾತ್ರ ಬೇಡ. ನನ್ನ ಅನುಭವದಲ್ಲಿ ಕತ್ತರಿ ಹಾಕಲು ಇದರಷ್ಟು ಸಲೀಸಾದ ಜಾಗ ಇನ್ನೊಂದಿಲ್ಲ. ನೋಡುಗರೇ ಕೈಯಾರೆ ಎಡಿಟ್ ಮಾಡಿ ತೋರಿಸಿದ್ದಾರೆ.

ಅಲ್ಲಿ ಏನಿತ್ತು ಅಂದರೆ, ಪ್ರಶ್ನೆ. ಉತ್ತರ ಅಲ್ಲ, ಪ್ರಶ್ನೆ. ಆ ಹುಡುಗಿ ಘಾಟಿಯ ಬಗ್ಗೆ, ಮಳೆಯ ಬಗ್ಗೆ, 14 ತಿರುವುಗಳ ಬಗ್ಗೆ, ತಾನು ಚಿಕ್ಕವಳಿದ್ದಾಗ ಅಲ್ಲಿ ಹೋದದ್ದರ ಬಗ್ಗೆ ಒಂದು ನಿಮಿಷದ ಹತ್ತಿರ ಮಾತಾಡಿ, ಕೊನೆಗೆ ಕೇಳುತ್ತಾಳೆ: "ಮೊದಲನೇ ಸಲ ರಾತ್ರಿ ಇಳಿಸುವಾಗ ಭಯ ಆಗ್ಲಿಲ್ವಾ ಸರ್?" ಡ್ರೈವರ್ ಹೇಳುತ್ತಾರೆ: "ಆಯ್ತು." ಸ್ವಲ್ಪ ತಡೆದು, "ಆದ್ರೆ ತೋರಿಸೋ ಹಾಗಿರಲಿಲ್ಲ. ಹಿಂದೆ ಐವತ್ತು ಜನ ಮಲಗಿದ್ದಾರೆ."

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಶ್ನೆ ಪೂರ್ತಿ ತೆಗೆದರೆ ಏನಾಗುತ್ತದೆ? ಹಿಂದಿನ ಮಾತು ಮುಗಿದ ಕೂಡಲೇ ಡ್ರೈವರ್ "ಆಯ್ತು" ಅನ್ನುತ್ತಾರೆ. ಏನಾಯ್ತು? ಸರಿ ಅಂತಲಾ? ಮುಗೀತು ಅಂತಲಾ? ಕನ್ನಡದಲ್ಲಿ ನಾವು ಉತ್ತರ ಕೊಡುವ ರೀತಿಯೇ ಹಾಗೆ. "ಹೋಗಿದ್ರಾ?" ಅಂದರೆ "ಹೋಗಿದ್ದೆ". "ಸಿಕ್ತಾ?" ಅಂದರೆ "ಸಿಗಲಿಲ್ಲ". ಯಾರು, ಎಲ್ಲಿ, ಏನು ಎಲ್ಲವೂ ಪ್ರಶ್ನೆಯಲ್ಲೇ ಉಳಿದಿರುತ್ತದೆ. ಉತ್ತರ ಪ್ರಶ್ನೆಗೆ ಒರಗಿಕೊಂಡೇ ನಿಂತಿರುತ್ತದೆ. ಪ್ರಶ್ನೆ ಕಿತ್ತರೆ ಉತ್ತರವೂ ಬೀಳುತ್ತದೆ.

ಅದಕ್ಕೇ ಟಿಪ್ಪಣಿಯ ಈ ಸಾಲನ್ನು ಹೀಗೆ ಬರೆದೆ. ಪೂರ್ತಿ ಓದುತ್ತೇನೆ:

"6:55ರಿಂದ 7:50. ತೆಗೆಯುವ ಮೊದಲ ಮಾತು: 'ಈ ಘಾಟಿ ಅಂದ್ರೆ ನಮ್ಗೆಲ್ಲ...' ತೆಗೆಯುವ ಕೊನೆಯ ಮಾತು: '...ಕಿಟಕಿಯಿಂದ ನೋಡ್ತಾ ಇದ್ದೆ.' ಉಳಿಯಲೇಬೇಕಾದ್ದು: 'ಮೊದಲನೇ ಸಲ ರಾತ್ರಿ ಇಳಿಸುವಾಗ ಭಯ ಆಗ್ಲಿಲ್ವಾ ಸರ್?' ಕಾರಣ: ಜನ ಹಾರಿಸಿದ್ದಾರೆ, ವಾಪಸ್ ಬಂದಿದ್ದಾರೆ. ಖಾತ್ರಿ: ಜಾಸ್ತಿ. 6:50ರ ಹೊತ್ತಿಗೆ ಡ್ರೈವರ್ ನಕ್ಕ ಸದ್ದು ಇನ್ನೂ ಇದೆ, ಅದನ್ನು ಪೂರ್ತಿ ಮುಗಿಯಲು ಬಿಡಿ."

ಸಮಯ, ಮೊದಲ ಮಾತು, ಕೊನೆಯ ಮಾತು. ಈ ಮೂರೂ ಇರಲೇಬೇಕು. ಎಡಿಟರ್ ಟೈಮ್‌ಲೈನ್ ಎಷ್ಟೋ ಸಲ ಒಂದು ಗಂಟೆಯ ಅಂಕಿಯಿಂದ ಶುರುವಾಗುತ್ತದೆ, ಮುಂದೆ ಬಣ್ಣದ ಪಟ್ಟಿ ಇರುತ್ತದೆ, ನಾವು ನೋಡುವ ಸಮಯಕ್ಕೂ ಅವರ ಸಮಯಕ್ಕೂ ಹೊಂದುವುದಿಲ್ಲ. ಮಾತು ಬರೆದಿದ್ದರೆ ಯಾವತ್ತೂ ತಪ್ಪುವುದಿಲ್ಲ. ಆ "ಖಾತ್ರಿ" ಅನ್ನುವ ಪದವೂ ನನಗೆ ಮುಖ್ಯ. ನನಗೆ ಎಷ್ಟು ಗೊತ್ತು, ಎಷ್ಟು ಊಹೆ ಅನ್ನುವುದು ಎಡಿಟರಿಗೆ ತಿಳಿದರೆ ಎಲ್ಲಿ ನನ್ನ ಮಾತು ಕೇಳಬೇಕು, ಎಲ್ಲಿ ತಮ್ಮ ಕಣ್ಣು ನಂಬಬೇಕು ಅಂತ ಅವರಿಗೆ ಗೊತ್ತಾಗುತ್ತದೆ.

ಈಗ 12:24. ಈ ವಿಡಿಯೊದ ದೊಡ್ಡ ಪಾಠ ಇಲ್ಲಿದೆ. ಗೆರೆ 35ರಿಂದ 29ಕ್ಕೆ ಇಳಿದಿದೆ, ಮತ್ತೆ ಏಳಲೇ ಇಲ್ಲ. ಹಳ್ಳ ಅಲ್ಲ, ಮೆಟ್ಟಿಲು. 9,000 ವ್ಯೂಸಿನಲ್ಲಿ ನೂರಕ್ಕೆ 6 ಅಂದರೆ ಸುಮಾರು 540 ಸಲ ವಿಡಿಯೊ ಅಲ್ಲೇ ನಿಂತುಹೋಗಿದೆ.

12:24ರಲ್ಲಿ ನೋಡಿದರೆ ಡ್ರೈವರ್ ತಮ್ಮ ಅಪ್ಪನ ಎತ್ತಿನಗಾಡಿಯ ಬಗ್ಗೆ ಹೇಳುತ್ತಿದ್ದಾರೆ. ಮೊದಲ ನೋಟಕ್ಕೆ "ಬಾಲ್ಯದ ಕಥೆ ಬೋರು, ತೆಗಿ" ಅನಿಸುತ್ತದೆ. ಆದರೆ ಒಂದು ನಿಮಿಷ ಹಿಂದೆ ಹೋಗಿ. 9:00ಕ್ಕೆ ಬ್ರೇಕ್ ಹೋದ ಕಥೆ ಶುರುವಾಗುತ್ತದೆ, 11:56ಕ್ಕೆ ಬಸ್ ನಿಲ್ಲುತ್ತದೆ. 11:58ಕ್ಕೆ ಹುಡುಗಿ ಹೇಳುತ್ತಾಳೆ: "ನಿಜಕ್ಕೂ ಗ್ರೇಟ್ ಸರ್. ಈ ಅನುಭವ ನಮ್ಮ ಜೊತೆ ಹಂಚಿಕೊಂಡಿದ್ದಕ್ಕೆ ತುಂಬಾ ಥ್ಯಾಂಕ್ಸ್." ಆಮೇಲೆ ಕೊಳಲಿನ ಸಂಗೀತ, ಘಾಟಿಯ ಡ್ರೋನ್ ದೃಶ್ಯ, ಪರದೆ ಕಪ್ಪಾಗುತ್ತದೆ. 12:20ಕ್ಕೆ ಮತ್ತೆ ಬೆಳಕು ಬಂದು, "ಸರ್, ನಿಮ್ಮ ಅಪ್ಪನ ಬಗ್ಗೆ ಹೇಳಿ."

ಥ್ಯಾಂಕ್ಸ್ ಹೇಳಿದರು, ಸಂಗೀತ ಬಂತು, ಪರದೆ ಕಪ್ಪಾಯ್ತು. ವಿಡಿಯೊ ಮುಗೀತು ಅಂತ ನಾವೇ ಅವರಿಗೆ ಹೇಳಿದ್ದೇವೆ. ವಿಡಿಯೊದ ಹೆಸರಲ್ಲಿ ಕೊಟ್ಟ ಮಾತೂ ಈಡೇರಿದೆ. ಅವರು ಎದ್ದು ಹೋದರು, ಅಷ್ಟೇ. ಎತ್ತಿನಗಾಡಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇನ್ನೂ ಒಂದು ಇದೆ. ಎತ್ತಿನಗಾಡಿಯ ಕಥೆಯಲ್ಲಿ ಅಪ್ಪ ಇಳಿಜಾರಿನಲ್ಲಿ ಗಾಡಿ ತಡೆಯುತ್ತಿದ್ದ ರೀತಿ ಬರುತ್ತದೆ. ಚಕ್ರಕ್ಕೆ ಮರದ ತುಂಡು ಒತ್ತಿ ಹಿಡಿಯುವುದು. ಬ್ರೇಕ್ ಹೋದ ರಾತ್ರಿ ಡ್ರೈವರಿಗೆ ನೆನಪಾದದ್ದು ಅದೇ. ಇವೆರಡೂ ಒಂದೇ ಕಥೆಯ ಎರಡು ತುದಿ. ನಡುವೆ 22 ಸೆಕೆಂಡಿನ ಗೋಡೆ ಎಬ್ಬಿಸಿದವರು ನಾವು. ಹಾಗಾಗಿ ಟಿಪ್ಪಣಿಯಲ್ಲಿ ಬರೆದದ್ದು: "11:58ರಿಂದ 12:20 ತೆಗೆಯಿರಿ. ಬಸ್ ನಿಂತ ಮೇಲೆ ಅವರು ಒಂದು ಉಸಿರು ಬಿಡುತ್ತಾರೆ, ಅದು ಇರಲಿ. ಅಲ್ಲಿಂದ ನೇರವಾಗಿ ಅಪ್ಪನ ಪ್ರಶ್ನೆಗೆ. ಎತ್ತಿನಗಾಡಿ ಮುಟ್ಟಬೇಡಿ. ಖಾತ್ರಿ: ಜಾಸ್ತಿ."

21:12ರಲ್ಲೂ ಒಂದು ಮೆಟ್ಟಿಲು ಇದೆ, ಸಣ್ಣದು. ಇಲ್ಲಿ ನಾನು ವಿಡಿಯೊ ಎರಡು ಸಲ ನೋಡಿದೆ, ಏನೂ ಸಿಗಲಿಲ್ಲ. ಕೊನೆಗೆ ಜಾಹೀರಾತಿನ ಪಟ್ಟಿ ತೆಗೆದು ನೋಡಿದರೆ ಅಲ್ಲೇ ಒಂದು ಜಾಹೀರಾತು ಕೂತಿದೆ, ವಾಕ್ಯದ ನಟ್ಟನಡುವೆ. 8 ನಿಮಿಷ ಮೀರಿದ ವಿಡಿಯೊಗಳಲ್ಲಿ ನಡುವೆ ಜಾಹೀರಾತು ಬರಬಹುದು, ಜಾಗ ನಾವು ಆರಿಸದಿದ್ದರೆ ಅದೇ ಆರಿಸಿಕೊಳ್ಳುತ್ತದೆ. ಇದು ಎಡಿಟರ್ ಕೆಲಸವೇ ಅಲ್ಲ. ಜಾಹೀರಾತನ್ನು ಒಂದು ವಿಷಯ ಮುಗಿದು ಇನ್ನೊಂದು ಶುರುವಾಗುವ ಜಾಗಕ್ಕೆ ಸರಿಸಿದರೆ ಆಯ್ತು. ಕತ್ತರಿ ಹಿಡಿಯುವ ಮೊದಲು ಆ ಪಟ್ಟಿಯನ್ನು ಒಂದು ಸಲ ನೋಡಿ.

ಆಮೇಲೆ 29:36, ಸ್ಪೈಕ್. ಎಲ್ಲರಿಗೂ ಖುಷಿ ಆಗುವ ಜಾಗ. ಡ್ರೈವರ್ ಹೊಸಬರಿಗೆ ಕೊಡುತ್ತಿದ್ದ ಬುದ್ಧಿಮಾತು ಅಲ್ಲಿದೆ: "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ." ಜನ ಹಿಂದೆ ಹೋಗಿ ಮತ್ತೆ ಕೇಳಿದ್ದಾರೆ, ಎಷ್ಟು ಚೆನ್ನಾಗಿದೆ ಅಂದುಕೊಂಡೆ. ಇಯರ್‌ಫೋನ್ ಹಾಕಿ ಕೇಳಿದಾಗ ಬೇರೆ ಗೊತ್ತಾಯ್ತು. ಆ ಮಾತಿನ ಮೇಲೆ ಸರಿಯಾಗಿ ಹೊರಗಡೆ ಒಂದು ಲಾರಿ ಹಾರ್ನ್ ಹೊಡೆದಿದೆ. "ಅದೇ ಗೇರಲ್ಲಿ" ಅನ್ನುವುದು ಕೇಳಿಸುವುದೇ ಇಲ್ಲ. ಜನ ಹಿಂದೆ ಹೋದದ್ದು ಇಷ್ಟಪಟ್ಟೋ, ಕೇಳಿಸದೆಯೋ? ಗ್ರಾಫಿಗೆ ಎರಡೂ ಒಂದೇ. ನಾನು ಬರೆದೆ: "ಕತ್ತರಿ ಬೇಡ. ಈ ಮಾತಿಗೆ ಸಬ್‌ಟೈಟಲ್ ಸರಿಯಾಗಿದೆಯಾ ನೋಡಿ. ಖಾತ್ರಿ: ಕಮ್ಮಿ, ನೀವು ಕೇಳಿ ಹೇಳಿ."

30:24. ಇಲ್ಲಿ ಗೆರೆ 22ರಿಂದ 20.5ಕ್ಕೆ ಇಳಿದಿದೆ. ಡ್ರೈವರ್ ತಮ್ಮ ಜೊತೆ ಬಹಳ ವರ್ಷ ಇದ್ದ ಕಂಡಕ್ಟರ್ ತೀರಿಹೋದದ್ದನ್ನು ಹೇಳಿ ಸುಮ್ಮನಾಗುತ್ತಾರೆ. 11 ಸೆಕೆಂಡ್ ಮೌನ. ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡು, ಮತ್ತೆ ಇಡುತ್ತಾರೆ. ಗ್ರಾಫ್ ಒಂದನ್ನೇ ನಂಬಿದರೆ ಇದು ಹೋಗಬೇಕು. ನಾನು ದಪ್ಪ ಅಕ್ಷರದಲ್ಲಿ ಬರೆದೆ: "ಮುಟ್ಟಬೇಡಿ."

ಕಾರಣ ಬರೀ ಭಾವನೆ ಅಲ್ಲ, ಲೆಕ್ಕವೂ ಇದೆ. ಒಂದೂವರೆ ಪಾಲು ಅಂದರೆ 9,000ದಲ್ಲಿ 135. ಅದರಲ್ಲಿ ಎಷ್ಟೋ ಜನ ಆ ಹೊತ್ತಿಗೆ ಹೇಗಿದ್ದರೂ ಹೋಗುವವರು, 30 ನಿಮಿಷ ನೋಡಿಯಾಗಿದೆ, ಬಸ್ ಸ್ಟಾಪ್ ಬಂದಿದೆ, ಕುಕ್ಕರ್ ಕೂಗಿದೆ. ಇಲ್ಲಿಯವರೆಗೆ ಕೂತ ಸುಮಾರು 1,800 ಮಂದಿ ಈ ಮನುಷ್ಯನನ್ನು ಅರ್ಧ ಗಂಟೆ ಕೇಳಿದ್ದಾರೆ. ಅವರಿಗೆ ಆ ಮೌನ ಸಲ್ಲಬೇಕು. ಮತ್ತೆ, ಮುಂದೆ ಅವರ ಧ್ವನಿ ಬದಲಾಗಿದೆ. ಮೌನ ತೆಗೆದರೆ ಧ್ವನಿ ಯಾಕೆ ಬದಲಾಯ್ತು ಅಂತ ಯಾರಿಗೂ ಅರ್ಥ ಆಗುವುದಿಲ್ಲ. ಪ್ರತಿ ಟಿಪ್ಪಣಿಯಲ್ಲೂ ಮುಟ್ಟಬಾರದ ಜಾಗಗಳನ್ನು ಬರೆಯಿರಿ ಅಂತ ನಾನು ಎಲ್ಲರಿಗೂ ಕೇಳಿಕೊಳ್ಳುತ್ತೇನೆ. ಎಡಿಟರ್ ಗಡಿಬಿಡಿಯಲ್ಲಿರುತ್ತಾರೆ, ಮೌನ ಕಂಡರೆ ಕೈ ತಾನಾಗಿ ಕತ್ತರಿಗೆ ಹೋಗುತ್ತದೆ.

ಕಂಡಕ್ಟರ್ ವಿಷಯ ಬಂತು, ಅದೇ ಭಾಗದಲ್ಲಿ ಇನ್ನೊಂದು ಅಪಾಯ ಇತ್ತು. ಡ್ರೈವರ್ ಹೇಳುತ್ತಾರೆ: "ಅವನು ಕಲೆಕ್ಷನ್ ದುಡ್ಡು ಇಟ್ಕೊಂಡಿದ್ದ ಅಂತ ಡಿಪೋದಲ್ಲಿ ಮಾತಾಡ್ತಿದ್ರು, ನಾನು ನಂಬಲೇ ಇಲ್ಲ." ಈ ವಾಕ್ಯ ಉದ್ದ ಆಯ್ತು ಅಂತ ನಡುವೆ ಕತ್ತರಿಸಿದರೆ? "ಅವನು ಕಲೆಕ್ಷನ್ ದುಡ್ಡು ಇಟ್ಕೊಂಡಿದ್ದ." ವ್ಯಾಕರಣಕ್ಕೆ ಪೂರ್ತಿ ವಾಕ್ಯ. ಅರ್ಥ ಪೂರ್ತಿ ಉಲ್ಟಾ. ಸತ್ತುಹೋದ ಮನುಷ್ಯನ ಮೇಲೆ ಕಳ್ಳತನ ಹೊರಿಸಿದ ಹಾಗೆ, ಅದೂ ಅವನ ಗೆಳೆಯನ ಬಾಯಲ್ಲಿ.

ನಮ್ಮ ಭಾಷೆಯಲ್ಲಿ ಮುಖ್ಯವಾದದ್ದೆಲ್ಲ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಕಂಡದ್ದೋ ಕೇಳಿದ್ದೋ, ನಡೆದದ್ದೋ ನಡೆಯಬೇಕಾಗಿದ್ದದ್ದೋ, ಎಲ್ಲ ಕೊನೆಯ ಪದದಲ್ಲಿ. "ಆ ತಿರುವಲ್ಲಿ ಬಸ್ ಬಿದ್ದಿತ್ತಂತೆ" ಅಂದಾಗ ಆ "ಅಂತೆ" ಒಂದು ಕ್ಷಣದ ಸದ್ದು. ಎಷ್ಟೋ ಸಲ ಉಸಿರಲ್ಲೇ ಹೋಗಿಬಿಡುತ್ತದೆ. ಸದ್ದಿನ ಅಲೆಯ ಆಕಾರ ನೋಡಿ ಕತ್ತರಿಸುವ ಎಡಿಟರಿಗೆ ಅದು ಮಾತಿನ ಬಾಲದ ಹಾಗೆ ಕಾಣುತ್ತದೆ, ಸವರಿಬಿಡುತ್ತಾರೆ. ಆಗ ಕೇಳಿದ ಸುದ್ದಿ ಕಣ್ಣಾರೆ ಕಂಡ ಸಾಕ್ಷಿ ಆಗುತ್ತದೆ. ಹಾಗಾಗಿ ನನ್ನ ಎಲ್ಲ ಟಿಪ್ಪಣಿಯ ತಲೆಯಲ್ಲಿ ಒಂದು ಸಾಲು ಇರುತ್ತದೆ: ವಾಕ್ಯದ ಶುರುವಿನಿಂದ ಕತ್ತರಿಸಬಹುದು, ಕೊನೆಯಿಂದ ಬೇಡ. ಯಾರದೇ ಹೆಸರು, ಆರೋಪ ಇರುವ ಜಾಗ ಮುಟ್ಟಿದರೆ, ಹೊಸ ತುಂಡನ್ನು ಸಂದರ್ಶನ ಕೊಟ್ಟವರಿಗೆ ಒಮ್ಮೆ ಕೇಳಿಸಿ ಹಾಕುತ್ತೇವೆ.

ಕೊನೆಯ ಭಾಗ ಬೇಗ ಹೇಳುತ್ತೇನೆ. 36:00ರಿಂದ ಗೆರೆ ಜಾರುತ್ತದೆ. 36:02ಕ್ಕೆ ಹುಡುಗಿ "ಕೊನೆಯದಾಗಿ ಒಂದು ಪ್ರಶ್ನೆ ಸರ್" ಅನ್ನುತ್ತಾಳೆ. ಕೊನೆ ಅಂದ ತಕ್ಷಣ ಜನ ಎದ್ದರು. ಆದರೆ ಆ ಪ್ರಶ್ನೆಗೆ ಸಿಕ್ಕ ಉತ್ತರ ಬಹಳ ಚೆನ್ನಾಗಿದೆ. ಆ 4 ಸೆಕೆಂಡಿನ ಮಾತು ತೆಗೆದರೆ ಸಾಕು. 38:30ರಿಂದ 39:40 ಬರೀ ಧನ್ಯವಾದ, ಅದೂ ಎರಡು ಸಲ. ಪೂರ್ತಿ ತೆಗೆಯಿರಿ.

ಎಲ್ಲ ಕೂಡಿಸಿ: 38, 55, 22, 4, 70. ಒಟ್ಟು 189 ಸೆಕೆಂಡ್, ಅಂದರೆ 3 ನಿಮಿಷ 9 ಸೆಕೆಂಡ್. 40 ನಿಮಿಷದ ವಿಡಿಯೊ 36:51 ಆಯ್ತು. ಇಷ್ಟೇನಾ ಅಂತ ಕೇಳುವವರಿದ್ದಾರೆ. ಇಷ್ಟೇ. ಇದರಲ್ಲಿ ಡ್ರೈವರ್ ಆಡಿದ ಕಥೆಯ ಮಾತು ಒಂದೂ ಹೋಗಿಲ್ಲ.

ಇನ್ನು ಕೆಲಸ ಮಾಡುವ ಕ್ರಮ. ಈಗಾಗಲೇ ಹಾಕಿದ ವಿಡಿಯೊ ಆದ್ದರಿಂದ ಹೊಸ ಫೈಲನ್ನು ಅದೇ ಲಿಂಕಿಗೆ ಹಾಕಲು ಆಗುವುದಿಲ್ಲ. ಹೊಸದಾಗಿ ಹಾಕಿದರೆ ವ್ಯೂಸ್, ಕಾಮೆಂಟು ಎಲ್ಲ ಸೊನ್ನೆಯಿಂದ. ಹಾಗಾಗಿ ಸ್ಟುಡಿಯೊದ ಒಳಗಿನ ಎಡಿಟರಿನಲ್ಲಿ `Trim & cut` ಬಳಸಬೇಕು. ಅದರಲ್ಲಿ ತುಂಡು ತೆಗೆಯಬಹುದು, ಆದರೆ 9ನೇ ನಿಮಿಷದ್ದನ್ನು ಎತ್ತಿ ಮೊದಲಿಗೆ ಇಡಲು ಆಗುವುದಿಲ್ಲ. ತುಂಡು ತೆಗೆದ ಜಾಗದಲ್ಲಿ ದೃಶ್ಯ ಜಿಗಿದ ಹಾಗೆ ಕಾಣುವ ಜಂಪ್ ಕಟ್ ಮುಚ್ಚಲು ಮೇಲೆ ಬೇರೆ ದೃಶ್ಯ ಹೊದಿಸಲೂ ಆಗುವುದಿಲ್ಲ. ಅದಕ್ಕೇ ನಾನು ಆರಿಸಿದ ಜಾಗಗಳಲ್ಲಿ ಹೆಚ್ಚಿನವು ಕ್ಯಾಮೆರಾ ಬದಲಾಗುವ ಹತ್ತಿರವೇ ಇವೆ. ಪಾರ್ಟ್‌ನರ್ ಪ್ರೋಗ್ರಾಮಿಗೆ ಸೇರದ ಚಾನೆಲ್ ಆದರೆ 1 ಲಕ್ಷ ವ್ಯೂಸ್ ದಾಟಿದ ವಿಡಿಯೊದಲ್ಲಿ ಈ ಕತ್ತರಿ ಕೆಲಸ ಮಾಡದಿರಬಹುದು, ಅದನ್ನೂ ಮೊದಲೇ ನೋಡಿಕೊಳ್ಳಿ.

ಕತ್ತರಿಸುವಾಗ ಕೊನೆಯಿಂದ ಶುರುವಿನ ಕಡೆ ಬನ್ನಿ. ಮೊದಲು 38:30, ಆಮೇಲೆ 36:02, 11:58, 6:55, ಕೊನೆಗೆ 0:14. ಟೈಮ್‌ಲೈನಿನಲ್ಲಿ ಮೊದಲಿನಿಂದ ಶುರು ಮಾಡಿದರೆ ಒಂದು ತುಂಡು ಹೋದ ಮೇಲೆ ಉಳಿದ ಎಲ್ಲ ಸಮಯವೂ ಜರುಗಬಹುದು, ಆಗ ಟಿಪ್ಪಣಿ ಉಪಯೋಗಕ್ಕೆ ಬರುವುದಿಲ್ಲ. ಮುಗಿದ ಮೇಲೆ ವಿವರಣೆಯಲ್ಲಿರುವ ಅಧ್ಯಾಯಗಳ ಸಮಯ ತಿದ್ದಿ. ಬ್ರೇಕ್ ಕಥೆ 9:00ಕ್ಕೆ ಇದ್ದದ್ದು, ಅದಕ್ಕೂ ಮೊದಲು 93 ಸೆಕೆಂಡ್ ಹೋಗಿದೆ, ಹಾಗಾಗಿ 7:27. ಕಾಮೆಂಟಿನಲ್ಲಿ ಜನ ಬರೆದ ಸಮಯಗಳನ್ನು ನಾವು ತಿದ್ದಲು ಆಗುವುದಿಲ್ಲ. ಒಂದು ಕಾಮೆಂಟ್ ಪಿನ್ ಮಾಡಿ, ವಿಡಿಯೊ ಸ್ವಲ್ಪ ಚಿಕ್ಕದಾಗಿದೆ ಅಂತ ಹೇಳಿ.

ಫಲ ಸಿಕ್ಕಿತಾ ಅಂತ ನೋಡುವಾಗ ಒಂದು ಮೋಸಕ್ಕೆ ಬೀಳಬೇಡಿ. ಮೊದಲು ಜನ ಸರಾಸರಿ 12 ನಿಮಿಷ ನೋಡುತ್ತಿದ್ದರು ಅಂದುಕೊಳ್ಳಿ. 40 ನಿಮಿಷಕ್ಕೆ ಅದು 30 ಪರ್ಸೆಂಟ್. ಕತ್ತರಿಸಿದ ಮೇಲೂ ಅದೇ 12 ನಿಮಿಷ ನೋಡಿದರೆ, 36:51ಕ್ಕೆ ಅದು ಸುಮಾರು 32.6 ಪರ್ಸೆಂಟ್. ಯಾರೂ ಒಂದು ಸೆಕೆಂಡ್ ಜಾಸ್ತಿ ನೋಡಿಲ್ಲ, ಅಂಕಿ ಮಾತ್ರ ಏರಿದೆ. ಅದಕ್ಕೇ ನಾನು ಒಂದು ಮಾತನ್ನು ಗುರುತಿಟ್ಟುಕೊಳ್ಳುತ್ತೇನೆ. ಇಲ್ಲಿ ಅದು ಎತ್ತಿನಗಾಡಿಯ ಮೊದಲ ವಾಕ್ಯ. ಮೊದಲು ಆ ವಾಕ್ಯದ ಹೊತ್ತಿಗೆ 29 ಇದ್ದರು. ಕತ್ತರಿಸಿದ ದಿನದ ಮುಂದಿನ ದಿನಾಂಕಗಳನ್ನು ಮಾತ್ರ ಆರಿಸಿ, ಅದೇ ವಾಕ್ಯದ ಹೊತ್ತಿಗೆ ಈಗ ಎಷ್ಟು ಅಂತ ನೋಡುತ್ತೇನೆ. ರಿಟೆನ್ಶನ್ ಅಂಕಿ ಬರಲು ಒಂದೆರಡು ದಿನ ಹಿಡಿಯುತ್ತದೆ, ಅವಸರ ಬೇಡ.

ಅದರಲ್ಲೂ ಪೂರ್ತಿ ನ್ಯಾಯ ಇಲ್ಲ. ಮೊದಲ ವಾರ ಬಂದವರಲ್ಲಿ ಚಾನೆಲ್ಲಿನ ಹಳಬರು ಜಾಸ್ತಿ, ಅವರಿಗೆ ತಾಳ್ಮೆ ಜಾಸ್ತಿ. ಆಮೇಲೆ ಹುಡುಕಿಕೊಂಡು ಬಂದವರಿಗೆ ನಮ್ಮ ಪರಿಚಯವೇ ಇಲ್ಲ. ಹೊಸ ನೋಡುಗರು, ಹಳೆ ನೋಡುಗರು ಅಂತ ಬೇರೆ ಬೇರೆ ಮಾಡಿ ನೋಡಿದರೆ ಸ್ವಲ್ಪ ಹತ್ತಿರದ ಉತ್ತರ ಸಿಗುತ್ತದೆ.

ಈ ಟಿಪ್ಪಣಿಗೆ ಎಡಿಟರ್ ಕಡೆಯಿಂದ ಬರಬಹುದಾದ ಉತ್ತರವನ್ನೂ ಮಾದರಿಯಲ್ಲಿ ಸೇರಿಸಿದ್ದೇನೆ, ಯಾಕಂದ್ರೆ ನನಗೆ ನಿಜವಾಗಿ ಹೀಗೆ ಬಂದಿದೆ. "ಮೇಡಂ, 11:58 ತೆಗೆದೆ. ಆದ್ರೆ ಉಸಿರಾದ ತಕ್ಷಣ ಪ್ರಶ್ನೆ ಬಂದ್ರೆ ಹುಡುಗಿ ಅವರ ಮೇಲೆ ಬಿದ್ದ ಹಾಗೆ ಅನಿಸ್ತಿದೆ. ಡ್ರೋನ್ ದೃಶ್ಯದ ಎರಡು ಸೆಕೆಂಡ್ ಉಳಿಸ್ಲಾ, ಸಂಗೀತ ಶುರುವಾಗೋ ಮುಂಚೆ? ಬರೀ ಗಾಳಿ ಸದ್ದಿದೆ ಅಲ್ಲಿ." ನಾನು ಕೇಳಿ ನೋಡಿದೆ. ಅವರು ಹೇಳಿದ್ದು ಸರಿ ಇತ್ತು. ಟಿಪ್ಪಣಿಯಲ್ಲಿ 22 ಅಂತ ಇದ್ದದ್ದನ್ನು 20 ಅಂತ ತಿದ್ದಿ, ಅಧ್ಯಾಯದ ಸಮಯಗಳನ್ನು ಮತ್ತೆ ಲೆಕ್ಕ ಹಾಕಿದೆ.